ಬಾಗಿಲು ಹಾಕದೆ ಸ್ಟಾಕ್ ಎಣಿಸುವ ಬಗೆ

ಔಷಧಗಳ ಸಗಟು ಗೋದಾಮನ್ನು ಮಾರ್ಚ್ ಕೊನೆಯಲ್ಲಿ ಎರಡು ದಿನ ಮುಚ್ಚಿ ಸ್ಟಾಕ್ ಎಣಿಸುವುದು ಆಗದ ಮಾತು. ಆಸ್ಪತ್ರೆಗಳ ಆರ್ಡರ್ ಆ ಎರಡು ದಿನವೂ ಬರುತ್ತಲೇ ಇರುತ್ತದೆ. ಇಂಥ ಕಡೆ ಪ್ರತಿದಿನ ಸ್ವಲ್ಪ ಸ್ವಲ್ಪ ಎಣಿಸಿ ವರ್ಷದೊಳಗೆ ಎಲ್ಲವನ್ನೂ ಮುಗಿಸುವ ‘ಸೈಕಲ್ ಕೌಂಟ್’ ಪದ್ಧತಿಯನ್ನು ಅನುಸರಿಸುತ್ತಾರೆ. ವಾರ್ಷಿಕ ಎಣಿಕೆ ಸಾಧ್ಯವಾಗದವರಿಗೆ ಇದೊಂದು ರಾಜಿ ಎಂದು ಹಲವರು ಭಾವಿಸಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಮಾರ್ಚ್‌ನಲ್ಲಿ ಇಪ್ಪತ್ತು ಸ್ಟ್ರಿಪ್ ಕಡಿಮೆ ಬಂದರೆ ಅದು ಜೂನ್‌ನಲ್ಲಿ ಹೋಯಿತೋ ಜನವರಿಯಲ್ಲಿ ಹೋಯಿತೋ ಹೇಳುವವರಿಲ್ಲ. ಲೆಕ್ಕವನ್ನು ತಿದ್ದಬಹುದೇ ಹೊರತು ಕಾರಣ ಸಿಗುವುದಿಲ್ಲ. ನಿನ್ನೆಯ ವ್ಯತ್ಯಾಸ ಇವತ್ತೇ ಕಂಡರೆ ನಿನ್ನೆಯ ಬಿಲ್‌ಗಳು ಕೈಯಲ್ಲಿರುತ್ತವೆ, ಮಾಲು ತೆಗೆದವರಿಗೂ ನೆನಪಿರುತ್ತದೆ. ಆದ್ದರಿಂದ ದಿನದ ಎಣಿಕೆಯನ್ನು ರೂಪಿಸುವಾಗ ಅಂಕಿ ಸರಿಪಡಿಸುವುದನ್ನಲ್ಲ, ಕಾರಣ ಹಿಡಿಯುವುದನ್ನೇ ಗುರಿಯಾಗಿಟ್ಟುಕೊಳ್ಳಬೇಕು.

ಹಾಗಾಗಿ ಇಡೀ ಗೋದಾಮನ್ನು ಮೊದಲ ದಿನವೇ ಪಟ್ಟಿಗೆ ಸೇರಿಸಬಾರದು. ವೇಗವಾಗಿ ಹೋಗುವವು, ನಿಧಾನವಾಗಿ ಹೋಗುವವು, ಎರಡು ಕಡೆ ಇಟ್ಟಿರುವವು, ಫ್ರಿಜ್‌ನಲ್ಲಿರುವವು ಹೀಗೆ ಎಲ್ಲ ಬಗೆಯಿಂದಲೂ ಸುಮಾರು ನಲವತ್ತು ಔಷಧಗಳನ್ನು ಆರಿಸಿ, ಎರಡು ವಾರ ಅವನ್ನೇ ದಿನವೂ ಎಣಿಸಿ. ಮೊದಲ ದಿನ ಸಿಕ್ಕ ವ್ಯತ್ಯಾಸ ಹಳೆಯದು, ಅದನ್ನು ತಿದ್ದಿಬಿಡಿ. ಎರಡನೆಯ ದಿನದಿಂದ ಕಾಣುವ ಪ್ರತಿಯೊಂದು ವ್ಯತ್ಯಾಸವೂ ಹಿಂದಿನ ಇಪ್ಪತ್ನಾಲ್ಕು ಗಂಟೆಯಲ್ಲಿ ಹುಟ್ಟಿದ್ದು. ತಪ್ಪು ಎಲ್ಲಿ ಆಗುತ್ತಿದೆ, ಮಾಲು ಇಳಿಸಿಕೊಳ್ಳುವಾಗಲೋ ಬಿಲ್ ಮಾಡುವಾಗಲೋ ವಾಪಸ್ ಬಂದದ್ದನ್ನು ಇಡುವಾಗಲೋ ಎಂಬುದು ಈ ಸಣ್ಣ ಗುಂಪಿನಲ್ಲೇ ಬಯಲಾಗುತ್ತದೆ. ಈ ಹಂತ ಬಿಟ್ಟು ನೇರವಾಗಿ ಎಲ್ಲವನ್ನೂ ಎಣಿಸಲು ಹೊರಟವರು ತಿದ್ದಿದ ಅಂಕಿಯನ್ನೇ ಆರು ತಿಂಗಳ ಮೇಲೆ ಮತ್ತೆ ತಿದ್ದುತ್ತಾರೆ.

ಅನಂತರ ಪಟ್ಟಿ. ಪ್ರತಿ ಔಷಧ ವರ್ಷಕ್ಕೆ ಎಷ್ಟು ಹೋಗುತ್ತದೆ ಎಂಬುದನ್ನು ಅದರ ಖರೀದಿ ಬೆಲೆಯಿಂದ ಗುಣಿಸಿ, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಬರೆಯಿರಿ. ಮೇಲಿನ ಚಿಕ್ಕ ಗುಂಪು ‘ಎ’, ನಡುವಿನದು ‘ಬಿ’, ಉಳಿದದ್ದೆಲ್ಲ ‘ಸಿ’. ರೂಪಾಯಿಯೊಂದೇ ಅಳತೆಗೋಲಾಗಬಾರದು, ನಿಯಂತ್ರಿತ ಮಾದಕ ಔಷಧಗಳು, 2ರಿಂದ 8 ಡಿಗ್ರಿಯಲ್ಲಿಡುವ ಇನ್ಸುಲಿನ್‌ನಂಥವು ಬೆಲೆ ಎಷ್ಟೇ ಇದ್ದರೂ ‘ಎ’ ಗುಂಪಿಗೇ ಸೇರಲಿ. ಒಂದು ಗೋದಾಮಿನಲ್ಲಿ 4,000 ಬಗೆಯ ಮಾಲು ಇದೆ ಎಂದುಕೊಳ್ಳೋಣ. ‘ಎ’ 400, ವರ್ಷಕ್ಕೆ ಆರು ಸಲ. ‘ಬಿ’ 1,000, ಎರಡು ಸಲ. ‘ಸಿ’ 2,600, ಒಂದು ಸಲ. ಒಟ್ಟು 7,000 ಎಣಿಕೆ. ವರ್ಷಕ್ಕೆ 280 ಕೆಲಸದ ದಿನ ಹಿಡಿದರೆ ದಿನಕ್ಕೆ 25. ಪ್ರತಿ ಮಾಲು ಸರಾಸರಿ ಎರಡು ಜಾಗದಲ್ಲಿದ್ದು, ಒಂದು ಜಾಗಕ್ಕೆ ಮೂರು ನಿಮಿಷ ಬೇಕಾದರೆ ಒಬ್ಬರಿಗೆ ಎರಡೂವರೆ ಗಂಟೆಯ ಕೆಲಸ. “ನಮ್ಮಲ್ಲಿ ಅಷ್ಟು ಜನ ಇಲ್ಲ” ಎನ್ನುವವರು ಈ ಲೆಕ್ಕವನ್ನು ತಮ್ಮ ಅಂಕಿಗಳಿಂದ ಹಾಕಿ ನೋಡಬೇಕು. ಸಮಯ ಸಾಲದಿದ್ದರೆ ಸಲಗಳನ್ನು ಕಡಿಮೆ ಮಾಡಬಹುದು. ಕೆಲಸ ಹೆಚ್ಚಿದ ದಿನ ಎಣಿಕೆಯನ್ನೇ ಬಿಡುವ ಅಭ್ಯಾಸ ಮಾತ್ರ ಬೇಡ. ಹಾಗೆ ಬಿಟ್ಟ ದಿನಗಳು ಸಾಮಾನ್ಯವಾಗಿ ತಪ್ಪು ಹೆಚ್ಚಾಗುವ ದಿನಗಳೇ ಆಗಿರುತ್ತವೆ.

ಮಾಲು ಓಡಾಡುತ್ತಿರುವಾಗ ಎಣಿಸಿದರೆ ಲೆಕ್ಕ ಸರಿ ಬರುವುದಾದರೂ ಹೇಗೆ ಎಂಬುದು ನ್ಯಾಯವಾದ ಪ್ರಶ್ನೆ. ಬಿಲ್ ಆಗಿ ರ್ಯಾಕ್‌ನಿಂದ ಇನ್ನೂ ತೆಗೆಯದ ಮಾಲು, ತೆಗೆದು ಇನ್ನೂ ಬಿಲ್ ಆಗದ ಮಾಲು, ಬಂದಿಳಿದು ಎಂಟ್ರಿ ಆಗದ ಪೆಟ್ಟಿಗೆ, ಈ ಮೂರೂ ಇಲ್ಲದ ವ್ಯತ್ಯಾಸವನ್ನು ತೋರಿಸುತ್ತವೆ. ಪರಿಹಾರವೆಂದರೆ ಗೋದಾಮನ್ನು ನಿಲ್ಲಿಸದೆ ಆ ಮಾಲನ್ನಷ್ಟೇ ಹತ್ತು ನಿಮಿಷ ನಿಲ್ಲಿಸುವುದು. ಸಂಜೆಯ ಗಾಡಿಗಳು ಹೊರಟ ಮೇಲಿನ ಬಿಡುವಿನಲ್ಲಿ, ಎಣಿಸುವ ಔಷಧದ ಎಲ್ಲ ಜಾಗಗಳಿಗೂ ಚೀಟಿ ಅಂಟಿಸಿ, ಬಾಕಿ ಬಿಲ್ ಮತ್ತು ಬಾಕಿ ಎಂಟ್ರಿ ಇವೆಯೇ ಎಂದು ನೋಡಿ, ಆ ಕ್ಷಣದ ಕಂಪ್ಯೂಟರ್ ಬಾಕಿಯನ್ನು ಸಮಯ ಸಹಿತ ದಾಖಲಿಸಿಕೊಳ್ಳಬೇಕು. ಎಣಿಸುವವರ ಹಾಳೆಯಲ್ಲಿ ಆ ಬಾಕಿ ಇರಕೂಡದು. 240 ಎಂದು ಬರೆದಿದ್ದನ್ನು ಕಂಡವರ ಎಣಿಕೆ ತಾನಾಗಿಯೇ 240ಕ್ಕೆ ಬಂದು ನಿಲ್ಲುತ್ತದೆ. ಆ ರ್ಯಾಕ್‌ನಲ್ಲಿ ಮಾಲು ಇಡುವವರು ಎಣಿಸುವುದೂ ಬೇಡ. ವ್ಯತ್ಯಾಸ ಬಂದರೆ ಮತ್ತೊಬ್ಬರು ಮತ್ತೆ ಎಣಿಸಲಿ. ಎರಡೂ ಎಣಿಕೆ ಒಂದೇ ಆದ ಮೇಲಷ್ಟೇ ಅದನ್ನು ವ್ಯತ್ಯಾಸ ಎನ್ನಬೇಕು.

ಎಣಿಕೆ ಬ್ಯಾಚ್‌ವಾರು ಇರಬೇಕು ಎನ್ನುವುದನ್ನು ಒಂದು ಉದಾಹರಣೆಯಿಂದ ನೋಡೋಣ. ಒಂದು ಮಾತ್ರೆ ಕಂಪ್ಯೂಟರ್‌ನಲ್ಲಿ 240 ಸ್ಟ್ರಿಪ್ ಇದೆ: ಹಳೆಯ ಬ್ಯಾಚ್ 60, ಹೊಸತು 180. ಎಣಿಸಿದರೆ ರ್ಯಾಕ್‌ನಲ್ಲಿಯೂ ಸರಿಯಾಗಿ 240. ಮಾರ್ಚ್‌ನ ಎಣಿಕೆ ಒಟ್ಟು ಸಂಖ್ಯೆಯನ್ನಷ್ಟೇ ನೋಡಿದರೆ ಇದಕ್ಕೆ ಪೂರ್ತಿ ಅಂಕ. ಆದರೆ ಬ್ಯಾಚ್ ಬಿಡಿಸಿ ನೋಡಿದಾಗ ಹಳೆಯದು 80, ಹೊಸತು 160. ಇಪ್ಪತ್ತು ಸ್ಟ್ರಿಪ್ ಹಳೆಯ ಬ್ಯಾಚ್‌ನ ಹೆಸರಲ್ಲಿ ಬಿಲ್ ಆಗಿ, ಕೈಗೆ ಹೋದದ್ದು ಹೊಸತು. ಮಾರಾಟವಾಯಿತೆಂದು ಪುಸ್ತಕ ಹೇಳುವ ಆ ಇಪ್ಪತ್ತು ಸ್ಟ್ರಿಪ್ ರ್ಯಾಕ್‌ನಲ್ಲೇ ಕುಳಿತು ಎಕ್ಸ್‌ಪೈರಿ ಆಗುತ್ತವೆ. ಕಂಪನಿ ಹೊಸ ಬ್ಯಾಚನ್ನು ವಾಪಸ್ ಕರೆದರಂತೂ ಅದು ಯಾವ ಅಂಗಡಿಗೆ ಹೋಗಿದೆ ಎಂಬ ಪಟ್ಟಿಯೇ ತಪ್ಪು. ಇದು ರೋಗಿಯ ಜೀವಕ್ಕೆ ಸಂಬಂಧಿಸಿದ್ದು. ನಿನ್ನೆಯ ಬಿಲ್‌ಗಳನ್ನು ತೆಗೆದು ನೋಡಿದರೆ ಇಪ್ಪತ್ತರ ಒಂದು ಆರ್ಡರ್ ಸಿಗುತ್ತದೆ. ರ್ಯಾಕ್ ನೋಡಿದರೆ ಹೊಸ ಪೆಟ್ಟಿಗೆಯನ್ನು ಹಳೆಯದರ ಮುಂದೆ ಇಟ್ಟಿರುವುದು ಕಾಣುತ್ತದೆ. ಹೊಸತನ್ನು ಹಿಂದೆ ಇಡುವ ನಿಯಮ ತರುವುದೇ ಇಲ್ಲಿನ ನಿಜವಾದ ತಿದ್ದುಪಡಿ. ಅಂಕಿ ತಿದ್ದುವುದು ಅದರ ಬಾಲ.

ಇದೇ ಕಾರಣಕ್ಕೆ ನಿಖರತೆಯನ್ನು ರೂಪಾಯಿಯ ಒಟ್ಟು ವ್ಯತ್ಯಾಸದಲ್ಲಿ ಅಳೆಯಬಾರದು. ಒಂದು ಕಡೆಯ ಹೆಚ್ಚು ಇನ್ನೊಂದು ಕಡೆಯ ಕೊರತೆಯನ್ನು ನುಂಗಿ, ಎರಡು ತಪ್ಪು ಸೇರಿ ಶೂನ್ಯವಾಗಿಬಿಡುತ್ತದೆ. ಎಣಿಸಿದ ನೂರು ಜಾಗಗಳಲ್ಲಿ ಎಷ್ಟು ಜಾಗ ಬ್ಯಾಚ್ ಸಹಿತ ತಾಳೆಯಾದವು ಎಂಬುದೇ ನಂಬಬಹುದಾದ ಅಳತೆ. ಪ್ರತಿ ವ್ಯತ್ಯಾಸಕ್ಕೂ ಕಾರಣ ಬರೆದು, ವಾರಕ್ಕೊಮ್ಮೆ ಕಾರಣವಾರು ಕೂಡಿಸಬೇಕು. ‘ಗೊತ್ತಿಲ್ಲ’ ಎಂಬ ಕಾರಣವೇ ಹೆಚ್ಚುತ್ತಿದ್ದರೆ, ಎಣಿಕೆಗೂ ವಿಚಾರಣೆಗೂ ನಡುವೆ ದಿನಗಳು ಕಳೆಯುತ್ತಿವೆ ಎಂದರ್ಥ. ತಿದ್ದುಪಡಿಗೆ ಸಹಿ ಹಾಕುವವರು ಎಣಿಸಿದವರಾಗಲಿ, ಸ್ಟಾಕ್ ಕಾಯುವವರಾಗಲಿ ಆಗಿರಬಾರದು. ಕಳೆದುಹೋದ ಅಥವಾ ಲೆಕ್ಕದಿಂದ ತೆಗೆದ ಮಾಲಿಗೆ ಸಿಜಿಎಸ್‌ಟಿ ಕಾಯ್ದೆಯ ಸೆಕ್ಷನ್ 17(5)(ಎಚ್) ಪ್ರಕಾರ ಹೂಡುವಳಿ ತೆರಿಗೆ ಕ್ರೆಡಿಟ್ ಸಿಗುವುದಿಲ್ಲವಾದ್ದರಿಂದ, ತಿದ್ದುಪಡಿ ಪಟ್ಟಿ ಲೆಕ್ಕ ವಿಭಾಗಕ್ಕೂ ಹೋಗಬೇಕು.

‘ಸಿ’ ಗುಂಪನ್ನು ವರ್ಷಕ್ಕೊಮ್ಮೆ ನೋಡಿದರೆ ಸಾಕೇ ಎಂಬ ಅನುಮಾನಕ್ಕೆ ಆಧಾರವಿದೆ. ಅದಕ್ಕೆ ಅಗ್ಗದ ಮದ್ದೂ ಇದೆ: ಕಂಪ್ಯೂಟರ್‌ನಲ್ಲಿ ಬಾಕಿ ಸೊನ್ನೆಯಾದಾಗ, ಇಲ್ಲವೇ ಮಾಲು ತೆಗೆಯಲು ಹೋದವರಿಗೆ ಕಡಿಮೆ ಸಿಕ್ಕಾಗ, ಆಗಲೇ ನೋಡಿಬಿಡುವುದು. ಖಾಲಿ ರ್ಯಾಕ್ ಎಣಿಸಲು ಅರ್ಧ ನಿಮಿಷ ಸಾಕು.

ಕೊನೆಯದು ಆಡಿಟರ್ ಒಪ್ಪುತ್ತಾರೆಯೇ ಎಂಬ ಆತಂಕ. ಕಂಪನಿಗಳಿಗೆ ಅನ್ವಯಿಸುವ ಕಾರೋ 2020 ಕೇಳುವುದು ಸೂಕ್ತ ಅವಧಿಗೊಮ್ಮೆ ಭೌತಿಕ ಪರಿಶೀಲನೆ ನಡೆದಿದೆಯೇ, ದಾಸ್ತಾನಿನ ಯಾವುದೇ ವರ್ಗದಲ್ಲಿ ಒಟ್ಟು ಶೇ. 10 ಅಥವಾ ಅದಕ್ಕಿಂತ ಹೆಚ್ಚು ವ್ಯತ್ಯಾಸ ಕಂಡಿದೆಯೇ, ಕಂಡಿದ್ದರೆ ಲೆಕ್ಕದಲ್ಲಿ ಸರಿಪಡಿಸಿದ್ದಾರೆಯೇ ಎಂದು. ಒಂದೇ ದಿನ ಎಲ್ಲವನ್ನೂ ಎಣಿಸಿ ಎಂದಲ್ಲ. ಮಾರ್ಚ್ 31 ಬಿಟ್ಟು ಬೇರೆ ದಿನ ಎಣಿಸಿದರೆ, ನಡುವಿನ ಏರಿಳಿತ ಸರಿಯಾಗಿ ದಾಖಲಾಗಿದೆಯೇ ಎಂದು ಪರಿಶೀಲಿಸುವ ದಾರಿಯನ್ನು ಲೆಕ್ಕಪರಿಶೋಧನಾ ಮಾನದಂಡ ಎಸ್‌ಎ 501 ತೋರಿಸಿದೆ. ಆದರೆ ಆಡಿಟರ್ ಜತೆಗಿನ ಮಾತುಕತೆ ವರ್ಷದ ಆರಂಭದಲ್ಲೇ ಆಗಬೇಕು. ಪಟ್ಟಿ, ಸಲಗಳು, ಸಹಿ ಯಾರದು ಎಂಬುದನ್ನು ಬರಹದಲ್ಲಿ ಕೊಟ್ಟು, ಕೆಲವು ದಿನದ ಎಣಿಕೆಗೆ ಅವರನ್ನು ಮುನ್ಸೂಚನೆ ಇಲ್ಲದೆ ಬರಲು ಕೇಳಿಕೊಳ್ಳಿ. ಮೊದಲ ವರ್ಷ ಒಂದು ಜಾಗವನ್ನೂ ಬಿಡದೆ ಎಣಿಸಿದ ದಾಖಲೆಯ ಜತೆಗೆ, ಮೂಲ ಎಣಿಕೆ ಹಾಳೆಗಳನ್ನು ಗೀಚು, ತಿದ್ದುಗಳ ಸಮೇತ ಹಾಗೇ ಇಟ್ಟುಕೊಳ್ಳಿ. ನೀಟಾಗಿ ಮತ್ತೆ ಬರೆದ ಪ್ರತಿಯನ್ನು ಅವರು ನಂಬುವುದಿಲ್ಲ.