ಕಾರ್ಟ್‌ನಲ್ಲೇ ಉಳಿದ ಪಟ್ಟದ ಗೊಂಬೆ: ಹಬ್ಬದ ಸೇಲ್‌ಗೆ ಮೂರು ಮೇಲ್

ಆನ್‌ಲೈನ್ ಅಂಗಡಿಯಲ್ಲಿ ಕಾರ್ಟ್ ತುಂಬಿಸಿ, ದುಡ್ಡು ಕಟ್ಟದೆ ಹೊರಟುಹೋದವರಿಗೆ ನೆನಪಿನ ಮೇಲ್ ಹೋಗುತ್ತೆ. ಸಾಮಾನ್ಯವಾಗಿ ಮೂರು ಮೇಲ್: ಒಂದು ಗಂಟೆಗೆ, 24 ಗಂಟೆಗೆ, 72 ಗಂಟೆಗೆ. ಹಬ್ಬದ ಸೇಲ್‌ನಲ್ಲಿ ಈ ಲೆಕ್ಕ ಕೈಕೊಡುತ್ತೆ. ಶುಕ್ರವಾರ ರಾತ್ರಿ ಬಿಟ್ಟುಹೋದ ಕಾರ್ಟ್‌ಗೆ ಮೂರನೇ ಮೇಲ್ ಬರೋದು ಸೋಮವಾರ ರಾತ್ರಿ. ಅಷ್ಟೊತ್ತಿಗೆ ಸೇಲೇ ಮುಗಿದಿರುತ್ತೆ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ದಸರಾ ಗೊಂಬೆ ಮಾರುವ ಸಣ್ಣ ಅಂಗಡಿ. ಸೇಲ್ ಗುರುವಾರ ಬೆಳಿಗ್ಗೆಯಿಂದ ಭಾನುವಾರ ಮಧ್ಯರಾತ್ರಿವರೆಗೆ. ಗೊಂಬೆ ಕೂರಿಸೋದು ಮುಂದಿನ ಗುರುವಾರ. ಭಾನುವಾರ ಸಂಜೆ 6ರೊಳಗೆ ಬಂದ ಆರ್ಡರ್ ಸೋಮವಾರ ಕೊರಿಯರ್‌ಗೆ ಹೋಗಿ ಬುಧವಾರ ಮನೆ ತಲುಪುತ್ತೆ. ಹಾಗಾಗಿ ಕೊಳ್ಳುವವರ ನಿಜವಾದ ಗಡುವು ಮಧ್ಯರಾತ್ರಿ ಅಲ್ಲ, ಸಂಜೆ 6. ಮೂರೂ ಮೇಲ್‌ಗಳ ಸಮಯವನ್ನು ಈ ಗಡುವಿನಿಂದ ಹಿಂದಕ್ಕೆ ಎಣಿಸಬೇಕು.

ಶುಕ್ರವಾರ ರಾತ್ರಿ 9ಕ್ಕೆ ಒಬ್ಬರು 1,440 ರೂಪಾಯಿಯ ಪಟ್ಟದ ಗೊಂಬೆ ಜೋಡಿಯನ್ನು ಕಾರ್ಟ್‌ಗೆ ಹಾಕಿ ಬಿಟ್ಟರು ಅಂದುಕೊಳ್ಳಿ.

ಮೊದಲನೆಯದು, ರಾತ್ರಿ 10ಕ್ಕೆ. ನೆಟ್ ಹೋಗಿರಬಹುದು, ಓಟಿಪಿ ಬಾರದೆ ಇರಬಹುದು, ಯಾರೋ ಊಟಕ್ಕೆ ಕರೆದಿರಬಹುದು. ಇಲ್ಲಿ ಒತ್ತಾಯ ಬೇಡ, ದಾರಿ ತೋರಿಸಿದರೆ ಸಾಕು. ವಿಷಯದ ಸಾಲು: “ನಿಮ್ಮ ಪಟ್ಟದ ಗೊಂಬೆ ಕಾರ್ಟ್‌ನಲ್ಲೇ ಇದೆ”. ಒಳಗೆ ಗೊಂಬೆಯ ಚಿತ್ರ, ಸಾಗಣೆ ಸೇರಿಸಿದ ಒಟ್ಟು ಬೆಲೆ, ನೇರವಾಗಿ ಅದೇ ಕಾರ್ಟ್ ತೆರೆಯುವ ಒಂದೇ ಬಟನ್. ಇನ್ನಷ್ಟು ರಿಯಾಯಿತಿ ಕೊಡಬಾರದು. ಕೊಟ್ರೆ, ಕಾರ್ಟ್ ಬಿಟ್ಟುಹೋದರೆ ಬೆಲೆ ಇಳಿಯುತ್ತೆ ಅಂತ ನಾವೇ ಹೇಳಿಕೊಟ್ಟಂತೆ.

ಎರಡನೆಯದು, ಶನಿವಾರ ರಾತ್ರಿ 8ಕ್ಕೆ. ಮೊದಲ ಮೇಲ್ ಬಂದ ಮೇಲೂ ಕೊಳ್ಳದವರಿಗೆ ಏನೋ ಅನುಮಾನ ಇದೆ. ಆ ಅನುಮಾನಕ್ಕೆ ಉತ್ತರ ಕೊಡೋದೇ ಈ ಮೇಲ್‌ನ ಕೆಲಸ. “ಜೋಡಿಯ ಎತ್ತರ 9 ಇಂಚು, ಸಾಮಾನ್ಯ ಮೆಟ್ಟಿಲ ಮೇಲೆ ಕೂರುತ್ತೆ. ದಾರಿಯಲ್ಲಿ ಒಡೆದರೆ ಫೋಟೋ ಕಳಿಸಿ, ಬದಲಿ ಜೋಡಿ ಕಳಿಸುತ್ತೇವೆ.” ಹೀಗೆ ಬರೆಯೋಕೆ ಗ್ರಾಹಕರು ಫೋನಿನಲ್ಲಿ ಪದೇ ಪದೇ ಕೇಳುವ ಎರಡು ಪ್ರಶ್ನೆ ಗೊತ್ತಿದ್ರೆ ಸಾಕು.

ಮೂರನೆಯದು, ಭಾನುವಾರ ಮಧ್ಯಾಹ್ನ 2ಕ್ಕೆ. ಇದರಲ್ಲಿ ದಿನಾಂಕ, ಸಮಯ ಬಿಟ್ಟು ಬೇರೇನೂ ಬೇಡ. “ಇಂದು ಸಂಜೆ 6ರೊಳಗೆ ಆರ್ಡರ್ ಮಾಡಿದರೆ ಬುಧವಾರ ತಲುಪುತ್ತೆ. ಸೇಲ್ ಬೆಲೆ ರಾತ್ರಿ 12ರವರೆಗೆ ಇದೆ, ಆದರೆ 6ರ ನಂತರದ ಆರ್ಡರ್ ಹಬ್ಬಕ್ಕೆ ಮುಂಚೆ ತಲುಪುವುದಿಲ್ಲ.” ಗೋದಾಮಿನಲ್ಲಿ ನಲವತ್ತು ಜೋಡಿ ಇಟ್ಟುಕೊಂಡು “ಎರಡೇ ಉಳಿದಿವೆ” ಅನ್ನಬಾರದು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2023ರ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯಲ್ಲಿ ಇಂಥ ಸುಳ್ಳು ತುರ್ತಿಗೂ, “ಬೇಡ, ನನಗೆ ಹಬ್ಬದ ಸಂಭ್ರಮ ಬೇಕಿಲ್ಲ” ಎಂದು ನಾಚಿಸುವ ಬಟನ್‌ಗೂ ನಿಷೇಧ ಇದೆ.

ತಡವಾಗಿ ಬಂದವರ ಕಥೆ? ಭಾನುವಾರ ಬೆಳಿಗ್ಗೆ 11ಕ್ಕೆ ಕಾರ್ಟ್ ಬಿಟ್ಟವರಿಗೆ 12ಕ್ಕೆ ಮೊದಲ ಮೇಲ್ ಕಳಿಸಿ, ಅದರಲ್ಲೇ 6 ಗಂಟೆಯ ಗಡುವನ್ನೂ ಹೇಳಿ ಮುಗಿಸಬೇಕು. ಮೂರು ಮೇಲ್ ಬರೆದಿಟ್ಟಿದ್ದೇವೆ ಅಂತ ಒಂದೇ ಮಧ್ಯಾಹ್ನ ಮೂರನ್ನೂ ಸುರಿದರೆ ಸ್ಪ್ಯಾಮ್ ಬಟನ್ ಒತ್ತುತ್ತಾರೆ.

ದೊಡ್ಡ ಎಡವಟ್ಟು ಆಗೋದು ಬರಹದಲ್ಲಿ ಅಲ್ಲ, ಕೋಡ್‌ನಲ್ಲಿ. ಕಾರ್ಟ್ ಬಿಟ್ಟ ಕ್ಷಣದಲ್ಲೇ ಮೂರೂ ಮೇಲ್‌ಗಳನ್ನು ಸರದಿಗೆ ಹಾಕಿ ಮರೆತುಬಿಟ್ಟರೆ, ಆಗಲೇ ಕೊಂಡವರಿಗೂ “ನಿಮ್ಮ ಗೊಂಬೆ ಕಾಯುತ್ತಿದೆ” ಅಂತ ಹೋಗುತ್ತೆ. ಯುಪಿಐನಲ್ಲಿ ದುಡ್ಡು ಕಡಿತವಾಗಿ ಆರ್ಡರ್ ಇನ್ನೂ ಖಚಿತವಾಗದವರಿಗೆ ಈ ಮೇಲ್ ಬಂದರಂತೂ ಕೇಳೋದೇ ಬೇಡ. ಆದ್ದರಿಂದ ಪ್ರತಿ ಮೇಲ್ ಹೊರಡುವ ಕ್ಷಣದಲ್ಲೇ ಮತ್ತೆ ಪರೀಕ್ಷಿಸಬೇಕು:

```python
def can_send(cart, now, cutoff):
    return (not cart.ordered
            and cart.payment != "PENDING"
            and cart.in_stock
            and not cart.unsubscribed
            and now < cutoff)
```

ಇಲ್ಲಿ `ordered` ಅನ್ನು ಇಮೇಲ್‌ನಿಂದ ಮಾತ್ರ ಹುಡುಕಿದರೆ ಸಾಲದು. ಲಾಗಿನ್ ಆಗದೆ ಬೇರೆ ಇಮೇಲ್ ಕೊಟ್ಟು ಕೊಂಡವರೂ ಇರುತ್ತಾರೆ, ಮೊಬೈಲ್ ನಂಬರನ್ನೂ ಹೋಲಿಸಬೇಕು.

ಇಷ್ಟೆಲ್ಲ ಮಾಡಿದ್ದು ಫಲ ಕೊಡ್ತಾ? ಮೇಲ್ ಎಷ್ಟು ಜನ ತೆರೆದರು ಅನ್ನೋ ಲೆಕ್ಕ ನಂಬೋ ಹಾಗಿಲ್ಲ. 2021ರಿಂದ ಆಪಲ್ ಮೇಲ್‌ನ ಗೌಪ್ಯತಾ ಸೌಲಭ್ಯ, ಓದುಗರು ತೆರೆಯದಿದ್ದರೂ ಚಿತ್ರಗಳನ್ನು ಮುಂಚೆಯೇ ಇಳಿಸಿಕೊಂಡು “ತೆರೆದಿದ್ದಾರೆ” ಅನ್ನಿಸುತ್ತೆ. ಬದಲಿಗೆ 2,000 ಕಾರ್ಟ್‌ಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಮೇಲ್ ಕಳಿಸದೆ ಬಿಡಿ. ಮೇಲ್ ಪಡೆದ 1,000ದಲ್ಲಿ 110 ಜನ, ಪಡೆಯದ 1,000ದಲ್ಲಿ 80 ಜನ ಕೊಂಡರು ಅಂದ್ರೆ, ಮೇಲ್ ತಂದ ಆರ್ಡರ್ 110 ಅಲ್ಲ, ಸುಮಾರು 30. ಉಳಿದ 80 ಜನ ಹೇಗಿದ್ದರೂ ಬರೋರೇ.