ಕರೆಂಟ್ ಹೋದಾಗ ಬಿಲ್ ಎಲ್ಲಿತ್ತು?

ಕೋಲಾರದ ಎಪಿಎಂಸಿ ಮಾರುಕಟ್ಟೆಯ ಟೊಮೆಟೊ ಮಂಡಿಯೊಂದಕ್ಕೆ ನಾವು ಸಿ ಭಾಷೆಯಲ್ಲಿ ಸಣ್ಣ ಬಿಲ್ಲಿಂಗ್ ಪ್ರೋಗ್ರಾಂ ಬರೆದಿದ್ದೇವೆ ಅಂದುಕೊಳ್ಳಿ. ಕಂಪ್ಯೂಟರ್‌ನಲ್ಲಿರುವುದು ಲಿನಕ್ಸ್. ಹರಾಜು ಮುಗಿದಂತೆ ಒಂದೊಂದೇ ಲಾಟ್ ಫೈಲಿಗೆ ಸೇರುತ್ತದೆ. ‘ಸೇವ್ ಆಯಿತು’ ಅಂತ ಸ್ಕ್ರೀನ್ ಮೇಲೆ ಬಂದ ಹತ್ತೇ ಸೆಕೆಂಡಿಗೆ ಕರೆಂಟ್ ಹೋಯಿತು. ಯುಪಿಎಸ್ ಇಲ್ಲ. ಮತ್ತೆ ಆನ್ ಮಾಡಿ ನೋಡಿದರೆ ಕೊನೆಯ ಲಾಟ್ ಮಾಯ! ರೈತನಿಗೆ ಸಿಗಬೇಕಾದ ದುಡ್ಡಿನ ಲೆಕ್ಕ ಅದು. ಹೋಯಿತೆಲ್ಲಿ?

ಆ ಸಾಲು ಹೋದ ದಾರಿ ನೋಡೋಣ. `fprintf` ಕರೆದಾಗ ಸಾಲು ಮೊದಲು ಸೇರುವುದು ನಮ್ಮ ಪ್ರೋಗ್ರಾಂನದೇ ಮೆಮೊರಿಯ ಒಂದು ಬಫರ್‌ಗೆ. ಕರ್ನಲ್‌ಗೆ ಇನ್ನೂ ಸುದ್ದಿಯೇ ಇಲ್ಲ. ಈಗ ಪ್ರೋಗ್ರಾಂ ಕ್ರ್ಯಾಶ್ ಆದರೂ ಸಾಲು ಹೋದಂತೆಯೇ.

`fflush` ಕರೆದರೆ `write` ಎಂಬ ಸಿಸ್ಟಮ್ ಕಾಲ್ ನಡೆಯುತ್ತದೆ. ಡಿಸ್ಕನ್ನು ನೇರವಾಗಿ ಮುಟ್ಟಲು ಅಪ್ಲಿಕೇಶನ್‌ಗೆ ಅನುಮತಿ ಇಲ್ಲ. ಅದಕ್ಕೇ ಪ್ರೊಸೆಸರ್ ಕರ್ನಲ್ ಮೋಡ್‌ಗೆ ಬದಲಾಗುತ್ತದೆ. ಈ ಫೈಲಿಗೆ ಬರೆಯಬಹುದೇ ಅಂತ ಕರ್ನಲ್ ಪರೀಕ್ಷಿಸಿ, ಸಾಲನ್ನು ರ‍್ಯಾಮ್‌ನಲ್ಲಿರುವ ತನ್ನ ಪೇಜ್ ಕ್ಯಾಶ್‌ಗೆ ನಕಲು ಮಾಡಿ, ಆ ಪೇಜಿಗೆ ‘ಡರ್ಟಿ’ ಅಂತ ಗುರುತು ಹಾಕಿ ವಾಪಸ್ ಬರುತ್ತದೆ. `strace` ಹಾಕಿ ನೋಡಿದರೆ ಇಷ್ಟು ಕಾಣುತ್ತದೆ:

```
write(3, "lot 41, 20 box\n", 15) = 15
```

ಕೊನೆಯ 15 ಅಂದರೆ 15 ಬೈಟ್‌ಗಳನ್ನು ಕರ್ನಲ್ ಒಪ್ಪಿಕೊಂಡಿದೆ ಅಂತ ಅಷ್ಟೇ. ಡಿಸ್ಕ್‌ಗೆ ತಲುಪಿವೆ ಅಂತಲ್ಲ. ಈಗ ಪ್ರೋಗ್ರಾಂ ಸತ್ತರೂ ಸಾಲು ಉಳಿಯುತ್ತದೆ, ಯಾಕೆಂದರೆ ಅದು ಕರ್ನಲ್ ಕೈಯಲ್ಲಿದೆ. ಆದರೆ ಕರೆಂಟ್ ಹೋದರೆ ರ‍್ಯಾಮ್ ಜೊತೆ ಅದೂ ಹೋಗುತ್ತದೆ.

ಕರ್ನಲ್ ತಡಮಾಡುವುದು ಸೋಮಾರಿತನದಿಂದಲ್ಲ. ಡಿಸ್ಕ್ ರ‍್ಯಾಮ್‌ಗಿಂತ ಬಹಳ ನಿಧಾನ. ಹತ್ತಾರು ಸಣ್ಣ ಬರಹಗಳನ್ನು ಕೂಡಿಸಿ ಒಟ್ಟಿಗೆ ಕಳಿಸಿದರೆ ಲಾಭ. ಲಿನಕ್ಸ್‌ನ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಕರ್ನಲ್‌ನ ಹಿನ್ನೆಲೆ ಕೆಲಸಗಾರ 5 ಸೆಕೆಂಡಿಗೊಮ್ಮೆ ಎದ್ದು, 30 ಸೆಕೆಂಡಿಗಿಂತ ಹಳೆಯ ಡರ್ಟಿ ಪೇಜ್‌ಗಳನ್ನು ಡ್ರೈವರ್ ಮೂಲಕ ಡಿಸ್ಕ್‌ಗೆ ಕಳಿಸುತ್ತಾನೆ. ನಮ್ಮ ಲಾಟ್ ಹೋದದ್ದು ಈ ಸಂದಿಯಲ್ಲೇ. ಇನ್ನೂ ಎಷ್ಟು ಬಾಕಿ ಇದೆ ಅಂತ `grep Dirty /proc/meminfo` ತೋರಿಸುತ್ತದೆ. ದೊಡ್ಡ ಫೈಲ್ ಒಂದನ್ನು ಕಾಪಿ ಮಾಡುತ್ತಾ ನೋಡಿ: ಸಂಖ್ಯೆ ಏರುತ್ತದೆ, `sync` ಕೊಟ್ಟರೆ ಇಳಿಯುತ್ತದೆ.

ಪರಿಹಾರ ಎರಡೇ ಸಾಲು:

```c
fflush(f);
fsync(fileno(f));
```

ಮೊದಲನೆಯದು ಸಾಲನ್ನು ಕರ್ನಲ್‌ಗೆ ಒಪ್ಪಿಸುತ್ತದೆ. ಎರಡನೆಯದು ಅದನ್ನು ಡಿಸ್ಕ್‌ಗೆ ಬರೆಸಿ, ಡಿಸ್ಕ್ ತನ್ನೊಳಗಿನ ಕ್ಯಾಶನ್ನೂ ಖಾಲಿ ಮಾಡುವಂತೆ ಹೇಳಿ, ಉತ್ತರ ಬರುವ ತನಕ ಕಾಯುತ್ತದೆ. `fsync` ಸೊನ್ನೆ ಕೊಟ್ಟ ಮೇಲಷ್ಟೇ ‘ಸೇವ್ ಆಯಿತು’ ಅಂತ ತೋರಿಸಿ; -1 ಬಂದರೆ ಬರಹ ವಿಫಲವಾಗಿದೆ, ಅದನ್ನು ಮುಚ್ಚಿಡಬೇಡಿ.

ಈ ಕಾಯುವಿಕೆಗೆ ಬೆಲೆ ಇದೆ. ಪ್ರತಿ ಅಕ್ಷರಕ್ಕೂ `fsync` ಹಾಕಿದರೆ ಪ್ರೋಗ್ರಾಂ ತೆವಳುತ್ತದೆ. ಒಂದು ಲಾಟ್ ಪೂರ್ತಿಯಾದಾಗ ಒಮ್ಮೆ ಹಾಕಿದರೆ ಸಾಕು.