ಆಪ್ ಅಳಿಸಿದೆ, ದುಡ್ಡು ಹೋಗುತ್ತಲೇ ಇತ್ತು

ತಿಪಟೂರಿನ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಸಣ್ಣ ಮೊಬೈಲ್ ಅಂಗಡಿ. ಡಿಸ್‌ಪ್ಲೇ ಬದಲಾಯಿಸುವುದು, ಗ್ಲಾಸ್ ಹಾಕುವುದು, ರೀಚಾರ್ಜ್ ನನ್ನ ಕಸುಬು. ಆದರೆ ಈಚೆಗೆ ಅಂಗಡಿಗೆ ಬರುವವರಲ್ಲಿ ಬಹಳ ಜನರ ಫೋನು ಚೆನ್ನಾಗಿಯೇ ಇರುತ್ತದೆ, ಬ್ಯಾಂಕಿನ ಮೆಸೇಜು ಮಾತ್ರ ಚೆನ್ನಾಗಿರುವುದಿಲ್ಲ. "ನಾನೇನೂ ಕೊಂಡಿಲ್ಲ, ದುಡ್ಡು ಹೋಗ್ತಿದೆ ನೋಡಪ್ಪಾ" ಅನ್ನುತ್ತಾರೆ. ಇದನ್ನು ನಾನು ಯಾವ ತರಬೇತಿಯಲ್ಲೂ ಕಲಿಯಲಿಲ್ಲ. ಒಬ್ಬ ನಿವೃತ್ತ ಮೇಷ್ಟ್ರ ಫೋನಿನ ಮೇಲೆ, ಅವರ ದುಡ್ಡು ಖರ್ಚು ಮಾಡಿಸಿ ಕಲಿತೆ. ಆ ಲೆಕ್ಕವನ್ನೇ ಇಲ್ಲಿ ಒಪ್ಪಿಸುತ್ತಿದ್ದೇನೆ.

1. ಆಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ

ಮೇಷ್ಟ್ರು ಹಳೆಯ ಕಾಗದಪತ್ರಗಳನ್ನು ಸ್ಕ್ಯಾನ್ ಮಾಡಲು ಒಂದು ಆಪ್ ಹಾಕಿಕೊಂಡಿದ್ದರು. ಮೂರು ದಿನ ಉಚಿತ, ಆಮೇಲೆ ವಾರಕ್ಕೆ ₹249. ತಿಂಗಳಿಗಲ್ಲ, ವಾರಕ್ಕೆ. ಮೂರು ಸಲ ದುಡ್ಡು ಹೋದ ಮೇಲೆ ನನ್ನ ಹತ್ತಿರ ಬಂದರು. ನಾನು ಆ ಆಪಿನ ಚಿಹ್ನೆಯನ್ನು ಒತ್ತಿಹಿಡಿದು ಅಳಿಸಿ, "ಆಯ್ತು ಸಾರ್, ಬೇರುಸಮೇತ ಕಿತ್ತು ಹಾಕಿದ್ದೀನಿ" ಅಂದೆ. ಕಾಫಿಗೆಂದು ಇಪ್ಪತ್ತು ರೂಪಾಯಿಯನ್ನೂ ಇಸಕೊಂಡೆ. ಮುಂದಿನ ನಾಲ್ಕು ವಾರವೂ ₹249 ಹೋಯಿತು.

ನಾನು ಕಿತ್ತಿದ್ದು ಎಲೆಯನ್ನು. ಫೋನಿನಲ್ಲಿರುವ ಆಪ್ ಒಂದು, ಪ್ಲೇ ಸ್ಟೋರಿನ ಖಾತೆಯಲ್ಲಿ ದಾಖಲಾಗಿರುವ ಚಂದಾ ಇನ್ನೊಂದು, ಬ್ಯಾಂಕಿಗೆ ಕೊಟ್ಟಿರುವ ಒಪ್ಪಿಗೆ, ಅಂದರೆ ಮ್ಯಾಂಡೇಟ್, ಮತ್ತೊಂದು. ಮೂರೂ ಮೂರು ಕಡೆ ಇವೆ. ಪೇಪರ್ ಹಾಕುವ ಹುಡುಗ ಬಂದಾಗ ಬಾಗಿಲು ಹಾಕಿಕೊಂಡರೆ ಪೇಪರಿನ ಬಿಲ್ಲು ನಿಲ್ಲುತ್ತದೆಯೇ? ಏಜೆಂಟರಿಗೆ ಹೇಳಬೇಕು. ಇಲ್ಲಿ ಏಜೆಂಟರು ಪ್ಲೇ ಸ್ಟೋರು. ಅದನ್ನು ತೆರೆದು, ಮೇಲೆ ಬಲಗಡೆ ಇರುವ ನಿಮ್ಮ ಚಿತ್ರವನ್ನು ಒತ್ತಿ, `Payments & subscriptions`, ಅದರೊಳಗೆ `Subscriptions`, ಅಲ್ಲಿ ಆ ಆಪಿನ ಹೆಸರು, ಕೊನೆಗೆ `Cancel subscription`. ಆಪ್ ಫೋನಿನಲ್ಲಿ ಇರದಿದ್ದರೂ ಅದರ ಹೆಸರು ಅಲ್ಲಿ ಇರುತ್ತದೆ.

2. "ಉಚಿತ" ಅಂದವರು ಪಿನ್ ಕೇಳಿದರೆ ಅದು ಸಹಿ

"ದುಡ್ಡು ಹೋಗುವಾಗ ಪಿನ್ ಕೇಳಲೇ ಇಲ್ಲವಲ್ಲಪ್ಪ" ಅನ್ನುವುದು ಮೇಷ್ಟ್ರ ದೊಡ್ಡ ದೂರು. ಫೋನ್ ಹ್ಯಾಕ್ ಆಗಿರಬೇಕು ಎಂದು ನಾನೂ ತಲೆಯಾಡಿಸಿದ್ದೆ. ಹ್ಯಾಕ್ ಏನೂ ಆಗಿರಲಿಲ್ಲ. ಉಚಿತ ಅವಧಿ ಶುರುಮಾಡುವಾಗ ಅವರು ಒಂದು ಸಲ ಯುಪಿಐ ಪಿನ್ ಒತ್ತಿದ್ದರು. ಆವತ್ತು ದುಡ್ಡು ಹೋಗಲಿಲ್ಲವಾದ್ದರಿಂದ ಅದನ್ನು ಮರೆತಿದ್ದರು. ಆದರೆ ಆ ಪಿನ್ ದುಡ್ಡು ಕಳಿಸಲು ಒತ್ತಿದ್ದಲ್ಲ, ಮುಂದೆ ವಾರವಾರ ತೆಗೆದುಕೊಳ್ಳಿ ಎಂದು ಹಾಕಿಕೊಟ್ಟ ಸಹಿ.

ಇದರ ಹೆಸರು ಯುಪಿಐ ಆಟೋಪೇ. ಎನ್‌ಪಿಸಿಐ ಇದನ್ನು 2020ರಲ್ಲಿ ತಂದಿತು, ಪ್ಲೇ ಸ್ಟೋರಿನ ಚಂದಾಗಳಿಗೆ 2022ರ ನವೆಂಬರಿನಲ್ಲಿ ಬಂತು. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಒಪ್ಪಿಗೆ ಕೊಡುವಾಗ ಪಿನ್ ಅಥವಾ ಒಟಿಪಿ ಬೇಕು. ಆಮೇಲಿನ ಕಂತುಗಳಿಗೆ ₹15,000 ತನಕ ಬೇಡ. 2022ರ ಜೂನ್‌ಗೆ ಮೊದಲು ಈ ಮಿತಿ ₹5,000 ಇತ್ತು. ₹249 ಯಾವ ಮಿತಿಗೂ ಲೆಕ್ಕಕ್ಕಿಲ್ಲ. ಈಗ ಯಾರಾದರೂ ನನ್ನ ಮುಂದೆ ಉಚಿತ ಆಪಿಗೆ ಪಿನ್ ಒತ್ತಲು ಹೋದರೆ ಕೈ ಹಿಡಿಯುತ್ತೇನೆ. ಪಿನ್ ಪರದೆಗೆ ಮೊದಲು ಗರಿಷ್ಠ ಮೊತ್ತ, ವಾರಕ್ಕೋ ತಿಂಗಳಿಗೋ ವರ್ಷಕ್ಕೋ ಎಂಬುದು ಸಣ್ಣ ಅಕ್ಷರದಲ್ಲಿ ಇರುತ್ತದೆ. ಆ ಎರಡು ಸಾಲನ್ನು ಗಟ್ಟಿಯಾಗಿ ಓದಿಸುತ್ತೇನೆ. ಅರ್ಧ ಜನ ಅಲ್ಲಿಗೇ ಬಿಡುತ್ತಾರೆ.

3. ಫೋನು ಒಂದೇ, ಖಾತೆ ಎರಡು

ಮೇಷ್ಟ್ರು ಎರಡನೇ ಸಲ ಬಂದಾಗ ನಾನು ಬುದ್ಧಿವಂತನಾಗಿದ್ದೆ. ನೇರ `Subscriptions` ತೆರೆದೆ. ಖಾಲಿ. "ಇಲ್ಲಿ ಏನೂ ಇಲ್ಲ ಸಾರ್, ಬ್ಯಾಂಕಿನವರದ್ದೇ ತಪ್ಪು" ಎಂದು ಧೈರ್ಯವಾಗಿ ಹೇಳಿಬಿಟ್ಟೆ. ಬ್ಯಾಂಕಿನವರ ಹೆಸರು ಕೆಡಿಸಿದ ಆ ಮಾತಿಗೆ ಇವತ್ತೂ ನಾಚಿಕೆಯಾಗುತ್ತದೆ.

ಆ ಫೋನಿನಲ್ಲಿ ಎರಡು ಜಿಮೇಲ್ ಇದ್ದವು. ಒಂದು ಮೇಷ್ಟ್ರದ್ದು. ಇನ್ನೊಂದು ಬೆಂಗಳೂರಿನಲ್ಲಿರುವ ಮಗನದ್ದು, ಯಾವಾಗಲೋ ಊರಿಗೆ ಬಂದಾಗ ಹಾಕಿ ಹೋಗಿದ್ದು. ಚಂದಾ ಅಂಟಿಕೊಳ್ಳುವುದು ಫೋನಿಗಲ್ಲ, ನಂಬರಿಗೂ ಅಲ್ಲ, ಕೊಂಡ ಹೊತ್ತಿನಲ್ಲಿ ಸ್ಟೋರಿನಲ್ಲಿ ಯಾವ ಖಾತೆ ತೆರೆದಿತ್ತೋ ಅದಕ್ಕೆ. ದುಡ್ಡು ಹೋಗಿದ್ದು ಮೇಷ್ಟ್ರ ಬ್ಯಾಂಕಿನಿಂದ, ರಸೀದಿ ಹೋಗಿದ್ದು ಮಗನ ಇಮೇಲಿಗೆ. ಮಗ ಅದನ್ನು ನೋಡಿರಲಿಲ್ಲ.

ಈಗ ನಾನು ಸ್ಟೋರಿನಲ್ಲಿ ಚಿತ್ರ ಒತ್ತಿದ ಕೂಡಲೇ ಅಲ್ಲಿರುವ ಖಾತೆಗಳನ್ನು ಒಂದೊಂದಾಗಿ ಬದಲಿಸಿ ಎಲ್ಲದರ ಪಟ್ಟಿಯನ್ನೂ ನೋಡುತ್ತೇನೆ. ಎಲ್ಲೂ ಸಿಗದಿದ್ದರೆ ಇಮೇಲಿನಲ್ಲಿ `GPA` ಎಂದು ಹುಡುಕುತ್ತೇನೆ, ಪ್ಲೇ ಸ್ಟೋರಿನ ಆರ್ಡರ್ ಸಂಖ್ಯೆ ಶುರುವಾಗುವುದೇ ಆ ಅಕ್ಷರಗಳಿಂದ. ರಸೀದಿಯೂ ಇಲ್ಲವೆಂದರೆ ಚಂದಾ ಸ್ಟೋರಿನಿಂದ ಹೊರಗೆ, ಆ ಕಂಪನಿಯ ವೆಬ್‌ಸೈಟಿನಲ್ಲೇ ಕಟ್ಟಿದ್ದಿರಬಹುದು. ಅದನ್ನು ಅಲ್ಲಿಯೇ ನಿಲ್ಲಿಸಬೇಕು, ಸ್ಟೋರಿನಲ್ಲಿ ಎಷ್ಟು ಹುಡುಕಿದರೂ ಸಿಗದು.

4. ಮ್ಯಾಂಡೇಟ್ ಮಾತ್ರ ಕತ್ತರಿಸಿದರೆ ಅರ್ಧ ಕೆಲಸ

ಪಟ್ಟಿ ಖಾಲಿ ಕಂಡ ಆ ದಿನ ನಾನು ಸುಮ್ಮನಿರಲಿಲ್ಲ. ಮೇಷ್ಟ್ರ ಯುಪಿಐ ಆಪಿನಲ್ಲಿ `Autopay` ವಿಭಾಗ ತೆರೆದೆ. ಅಲ್ಲಿ ಗೂಗಲ್ ಪ್ಲೇ ಹೆಸರಿನಲ್ಲಿ ಒಂದು ಮ್ಯಾಂಡೇಟ್ ಇತ್ತು. ಯಾವ ಆಪಿಗೆ ಎಂದು ಬರೆದಿರಲಿಲ್ಲ, ಮೊತ್ತ ನೋಡಿ ಗುರುತು ಹಿಡಿದು, ಪಿನ್ ಹಾಕಿಸಿ ರದ್ದು ಮಾಡಿಸಿದೆ. ಇನ್ನು ದುಡ್ಡು ಹೇಗೆ ಹೋಗುತ್ತದೆ ನೋಡೋಣ ಎಂದುಕೊಂಡೆ.

ಹೋಯಿತು. ಏಕೆಂದರೆ ಚಂದಾ ಜೀವಂತವಾಗಿಯೇ ಇತ್ತು. ಮುಂದಿನ ಕಂತು ಸಿಗದೆ ಹೋದಾಗ ಸ್ಟೋರು ಅದನ್ನು ಪಾವತಿ ವಿಫಲವಾಗಿದೆ ಎಂದು ತಿಳಿಯಿತೇ ಹೊರತು ಗಿರಾಕಿಗೆ ಬೇಡವಾಗಿದೆ ಎಂದಲ್ಲ. ಪಾವತಿಯನ್ನು ಸರಿಪಡಿಸಿಕೊಳ್ಳಿ ಎಂದು ಫೋನಿಗೆ ಸೂಚನೆ ಬಂತು. ಮನೆಯಲ್ಲಿ ಮೇಷ್ಟ್ರ ಹೆಂಡತಿ ಅದನ್ನು ನೋಡಿ, ಕರೆಂಟ್ ಬಿಲ್ಲೋ ಏನೋ ಬಾಕಿಯಿದೆ ಎಂದು ಗಾಬರಿಯಾಗಿ, ಮೇಷ್ಟ್ರಿಂದಲೇ ಪಿಂಚಣಿ ಖಾತೆಯ ಪಿನ್ ಒತ್ತಿಸಿದರು. ಹೊಸ ಬ್ಯಾಂಕು, ಹೊಸ ಮ್ಯಾಂಡೇಟ್, ಅದೇ ಹಳೆಯ ಚಂದಾ, ಮತ್ತೆ ₹249.

ಆದ್ದರಿಂದ ಈಗ ನನ್ನ ಕ್ರಮ ಹೀಗಿದೆ: ಮೊದಲು ಸ್ಟೋರಿನಲ್ಲಿ ಚಂದಾ ರದ್ದು, ಆಮೇಲೆ ಯುಪಿಐ ಆಪಿನಲ್ಲಿ ಮ್ಯಾಂಡೇಟ್ ಉಳಿದಿದೆಯೇ ಎಂದು ನೋಡಿ ಅದೂ ರದ್ದು, ಎಲ್ಲಕ್ಕಿಂತ ಕೊನೆಗೆ ಆಪ್ ಅಳಿಸುವುದು. ನಾನು ಮೇಷ್ಟ್ರಿಗೆ ಮಾಡಿದ್ದು ಇದರ ತಲೆಕೆಳಗು.

5. ಹಿಂದಿನ ದಿನದ ಮೆಸೇಜನ್ನು ಅಳಿಸಬೇಡಿ

ದುಡ್ಡು ತೆಗೆಯುವ ಕನಿಷ್ಠ 24 ಗಂಟೆ ಮೊದಲು ಗಿರಾಕಿಗೆ ತಿಳಿಸಬೇಕು ಎಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಯಾರಿಗೆ, ಎಷ್ಟು, ಯಾವ ದಿನ ಎಂದು ಅದರಲ್ಲಿರುತ್ತದೆ. ಮೇಷ್ಟ್ರ ಫೋನಿನಲ್ಲೂ ಆ ಮೆಸೇಜುಗಳು ವಾರವಾರ ಬಂದಿದ್ದವು. ಮೆಮೊರಿ ತುಂಬಿದೆ ಅಂದಾಗ ಓದದ ಮೆಸೇಜುಗಳನ್ನು ಒಟ್ಟಿಗೆ ಅಳಿಸಿಕೊಟ್ಟವನು ಯಾರು? ನಾನೇ.

ಹಾಗೆಂದು ಆ ಮೆಸೇಜು ಬರಲಿ, ಆಗ ರದ್ದು ಮಾಡೋಣ ಎಂದು ಕಾಯುವುದೂ ಜಾಣತನವಲ್ಲ. ಐಫೋನಿನಲ್ಲಿ ಉಚಿತ ಅವಧಿ ಮುಗಿಯುವುದಕ್ಕೆ 24 ಗಂಟೆ ಮೊದಲೇ ರದ್ದು ಮಾಡಿರಬೇಕು. ಅಲ್ಲಿನ ದಾರಿ: `Settings`, ಮೇಲಿರುವ ನಿಮ್ಮ ಹೆಸರು, `Subscriptions`. ಆಂಡ್ರಾಯ್ಡಿನಲ್ಲೂ ನಾನು ಎರಡು ದಿನ ಬಿಟ್ಟುಕೊಂಡೇ ಮಾಡಿಸುತ್ತೇನೆ. ಬೇಡ ಎಂದು ಆವತ್ತೇ ಗೊತ್ತಾದರೆ ಆವತ್ತೇ ರದ್ದು ಮಾಡಿದರೂ ಸಾಮಾನ್ಯವಾಗಿ ನಷ್ಟವಿಲ್ಲ, ಕಟ್ಟಿದ ಅವಧಿ ಮುಗಿಯುವ ತನಕ ಆಪ್ ನಡೆಯುತ್ತದೆ. ಇದನ್ನು ಮೊದಲೇ ಹೇಳದೆ ಒಮ್ಮೆ ಪೇಚಿಗೆ ಸಿಕ್ಕಿದ್ದೆ. "ರದ್ದು ಮಾಡಿದ್ದೀನಿ ಅಂತೀಯ, ಆಪ್ ಇನ್ನೂ ಓಡ್ತಾ ಇದೆ" ಎಂದು ಒಬ್ಬ ಗಿರಾಕಿ ಜಗಳಕ್ಕೇ ಬಂದಿದ್ದ. ಈಗ ಚಂದಾ ಯಾವ ದಿನ ಕೊನೆಯಾಗುತ್ತದೆ ಎಂದು ತೋರಿಸುವ ಪರದೆಯ ಸ್ಕ್ರೀನ್‌ಶಾಟ್ ತೆಗೆದುಕೊಟ್ಟು ಕಳಿಸುತ್ತೇನೆ.

6. ರದ್ದು ಬೇರೆ, ದುಡ್ಡು ವಾಪಸ್ ಬೇರೆ

ಮೂರನೇ ಸಲ ಮೇಷ್ಟ್ರು ಬಂದಾಗ ಕೋಪವಿರಲಿಲ್ಲ, ನನ್ನ ಮೇಲೆ ಕನಿಕರವಿತ್ತು. ಆವತ್ತು ಮಗನ ಖಾತೆ ಕಣ್ಣಿಗೆ ಬಿತ್ತು. ಚಂದಾ ರದ್ದಾಯಿತು, ಪಿಂಚಣಿ ಖಾತೆಯ ಮ್ಯಾಂಡೇಟೂ ರದ್ದಾಯಿತು. "ಹೋದ ದುಡ್ಡು?" ಅಂದರು. "ತಾನಾಗೇ ಬರುತ್ತೆ ಸಾರ್" ಅನ್ನಲು ಬಾಯಿ ತೆರೆದಿದ್ದೆ, ಪುಣ್ಯಕ್ಕೆ ಸುಮ್ಮನಾದೆ.

ರದ್ದು ಅಂದರೆ ಮುಂದಿನದು ನಿಂತಿತು ಎಂದಷ್ಟೇ ಅರ್ಥ. ಹಿಂದಿನದನ್ನು ಕೇಳಿ ಪಡೆಯಬೇಕು. ಕೊಂಡು 48 ಗಂಟೆಯೊಳಗಾದರೆ ಗೂಗಲ್ ಪ್ಲೇಯಲ್ಲೇ ಅರ್ಜಿ ಹಾಕಬಹುದು, ಕೊಡಲೇಬೇಕೆಂದಿಲ್ಲ. ಆ ಗಡಿ ದಾಟಿದರೆ ಆಪ್ ಮಾಡಿದವರಿಗೇ ಬರೆಯಬೇಕು. ಒಟ್ಟು ಎಂಟು ಕಂತು, ₹1,992. ಕೊನೆಯ ಕಂತು ಹಿಂದಿನ ದಿನವಷ್ಟೇ ಹೋಗಿತ್ತು. ಅದೊಂದಕ್ಕೆ ಅರ್ಜಿ ಹಾಕಿದೆವು, ₹249 ಬಂತು. ಉಳಿದ ಏಳಕ್ಕೆ ಆಪಿನವರಿಗೆ ಬರೆದ ಇಮೇಲಿಗೆ ಉತ್ತರವೇ ಬರಲಿಲ್ಲ. ₹1,743 ಮುಳುಗಿತು. ಅದರಲ್ಲಿ ನಾಲ್ಕು ಕಂತು, ಅಂದರೆ ₹996, ನಾನು "ಆಯ್ತು ಸಾರ್" ಅಂದ ಮೇಲೆ ಹೋಗಿದ್ದು. ಮೊದಲ ದಿನವೇ ಸರಿಯಾದ ಗುಂಡಿ ಒತ್ತಿದ್ದರೆ ಅಷ್ಟಾದರೂ ಉಳಿಯುತ್ತಿತ್ತು.

ಸೇರುವುದು ಸಲೀಸು ಮಾಡಿ ಬಿಡುವುದನ್ನು ಕಷ್ಟ ಮಾಡುವ ಬಲೆಯನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2023ರ ಮಾರ್ಗಸೂಚಿಯಲ್ಲಿ ತಪ್ಪು ವ್ಯವಹಾರಗಳ ಪಟ್ಟಿಗೆ ಸೇರಿಸಿದೆ. ಅಂಥದ್ದಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಇದೂ ನನಗೆ ಆಗ ಗೊತ್ತಿರಲಿಲ್ಲ.

ನಿಮ್ಮಲ್ಲಿ ಒಂದು ಕೋರಿಕೆ. ಗೊತ್ತಿಲ್ಲದ ಹೆಸರಿಗೆ ದುಡ್ಡು ಹೋದರೆ ನನ್ನಂಥವರ ಅಂಗಡಿಗೆ ಧಾರಾಳವಾಗಿ ಬನ್ನಿ, ಆದರೆ ಆಪನ್ನೂ ಮೆಸೇಜನ್ನೂ ಅಳಿಸದೆ ತನ್ನಿ, 48 ಗಂಟೆಯೊಳಗೆ ತನ್ನಿ. ಅಂಗಡಿಯವನು ಆಪ್ ಅಳಿಸಿ "ಆಯ್ತು" ಅಂದರೆ ಎದ್ದು ಬರಬೇಡಿ. `Subscriptions` ತೆರೆದು ತೋರಿಸು ಅನ್ನಿ.